ಪರೀಕ್ಷೆ ಎದುರಿಗಿದೆ, ಫೋನ್ ಕೆಟ್ಟಿದೆ: ರಜಾ ಅರ್ಜಿಯಲ್ಲಿ ಏನು ಬರೆಯಬೇಕು?

ಹತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಬುಧವಾರ ಬೆಳಿಗ್ಗೆ ಅರ್ಧವಾರ್ಷಿಕ ಪರೀಕ್ಷೆಯ ಸಮಾಜ ವಿಜ್ಞಾನ ಪತ್ರಿಕೆ ಇದೆ ಎಂದಿಟ್ಟುಕೊಳ್ಳೋಣ. ಸೋಮವಾರ ರಾತ್ರಿ ಮನೆಯ ಫೋನ್ ಕೆಟ್ಟು ಪರದೆ ಕಪ್ಪಾಗುತ್ತದೆ. ಟೀಚರ್ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದ ನೋಟ್ಸು ಅದರಲ್ಲಿದೆ. ಗೆಳತಿಯ ಪುಸ್ತಕದಿಂದ ಫೋಟೊ ತೆಗೆದಿಟ್ಟ ನಕ್ಷೆಗಳೂ ಅದರಲ್ಲೇ ಇವೆ. ಮಂಗಳವಾರ ಪೇಟೆಗೆ ಹೋಗಿ ಫೋನ್ ರಿಪೇರಿ ಮಾಡಿಸಬೇಕು, ಅದಕ್ಕೆ ಪ್ರಾಂಶುಪಾಲರ ಅನುಮತಿ ಬೇಕು.

ಇಂಥ ಹೊತ್ತಿನಲ್ಲಿ ಮಕ್ಕಳು ಬರೆಯುವ ಅರ್ಜಿ ಹೆಚ್ಚಾಗಿ ಎರಡು ಬಗೆಯದು. ಫೋನಿನ ಮಾತೆತ್ತಿದರೆ ಬೈಸಿಕೊಳ್ಳಬೇಕಾದೀತೆಂದು ಕೆಲವರು ‘ಜ್ವರ ಬಂದಿರುವುದರಿಂದ’ ಎಂದು ಬರೆಯುತ್ತಾರೆ. ಶಾಲೆ ವೈದ್ಯರ ಪ್ರಮಾಣಪತ್ರ ಕೇಳಿದರೆ ಅಲ್ಲಿಗೆ ಸಿಕ್ಕಿಬಿದ್ದಂತೆ. ಇನ್ನು ಕೆಲವರು ‘ಫೋನ್ ಹಾಳಾಗಿದೆ, ರಜೆ ಕೊಡಿ’ ಎಂದು ಮುಗಿಸುತ್ತಾರೆ. ಪರೀಕ್ಷೆ ಬರೆಯುವುದು ಪೆನ್ನಿನಲ್ಲಲ್ಲವೇ, ಫೋನಿಗೂ ಪರೀಕ್ಷೆಗೂ ಏನು ಸಂಬಂಧ ಎಂದು ಪ್ರಾಂಶುಪಾಲರು ಕೇಳುವುದು ಸಹಜ. ಆ ಪ್ರಶ್ನೆಗೆ ಉತ್ತರ ಅರ್ಜಿಯಲ್ಲೇ ಇರಬೇಕು.

ಆದ್ದರಿಂದ ಬರೆಯುವ ಮುಂಚೆ, ಫೋನಿನಲ್ಲಿ ಸಿಕ್ಕಿಕೊಂಡಿರುವುದನ್ನು ವಿಂಗಡಿಸಿಕೊಳ್ಳಬೇಕು. ಗುಂಪಿಗೆ ಬಂದ ನೋಟ್ಸು ಸಹಪಾಠಿಗಳ ಫೋನಿನಲ್ಲೂ ಇರುತ್ತದೆ. ಅದನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡರೆ ಸಾಕು, ರಜೆ ಬೇಕಿಲ್ಲ. ಬೇರೆಲ್ಲೂ ಇಲ್ಲದ್ದು ತಾನೇ ತೆಗೆದ ಫೋಟೊಗಳು ಮಾತ್ರ. ಗೆಳತಿ ಊರಲ್ಲಿಲ್ಲ, ಅವಳ ಪುಸ್ತಕವೂ ಸಿಗುವುದಿಲ್ಲ ಎಂದಾದರೆ ರಜೆಗೆ ನಿಜವಾದ ಕಾರಣವಿದೆ. ಅದಕ್ಕೂ ಇಡೀ ದಿನ ಬೇಕಿಲ್ಲ, ಮಧ್ಯಾಹ್ನದ ಮೇಲೆ ಅರ್ಧ ದಿನ ಸಾಕು.

ಆ ಫೋನಿಗೆ ಇನ್ನೊಂದು ಫೋನಿನಿಂದ ಕರೆ ಮಾಡಿ ನೋಡುವುದೂ ಒಳ್ಳೆಯದು. ಪರದೆ ಕಪ್ಪಾಗಿದ್ದರೂ ರಿಂಗ್ ಆಗುತ್ತಿದ್ದರೆ ಕೆಟ್ಟಿರುವುದು ಡಿಸ್‌ಪ್ಲೇ ಇರಬಹುದು. ಅದನ್ನು ಬದಲಾಯಿಸಿದರೆ ಸಾಮಾನ್ಯವಾಗಿ ಫೋಟೊಗಳು ಹಾಗೇ ಇರುತ್ತವೆ. ಅಂಗಡಿಯವರು ಹೊಸದಾಗಿ ಸಾಫ್ಟ್‌ವೇರ್ ಹಾಕಬೇಕು ಎಂದರೆ, ಒಳಗಿರುವುದೆಲ್ಲ ಅಳಿಸಿಹೋಗುತ್ತದೆಯೇ ಎಂದು ಮೊದಲೇ ಕೇಳಬೇಕು. ಅಳಿಸಿಹೋಗುವುದಾದರೆ ಪರೀಕ್ಷೆಯ ಹಿಂದಿನ ದಿನ ಆ ಓಡಾಟದಿಂದ ಲಾಭವಿಲ್ಲ.

ಇಷ್ಟು ಖಚಿತವಾದ ಮೇಲೆ ಅರ್ಜಿ ಹೀಗಿರಬಹುದು:

ಇವರಿಂದ,
ಅ.ಬ.ಕ.
10ನೇ ತರಗತಿ, ‘ಎ’ ವಿಭಾಗ

ಇವರಿಗೆ,
ಪ್ರಾಂಶುಪಾಲರು
(ಶಾಲೆಯ ಹೆಸರು, ಊರು)

ಮಾನ್ಯರೇ,

ವಿಷಯ: ಮಂಗಳವಾರ ಮಧ್ಯಾಹ್ನ ಅರ್ಧ ದಿನದ ರಜೆ ಕೋರಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಮನೆಯ ಫೋನ್ ಸೋಮವಾರ ರಾತ್ರಿ ಕೆಟ್ಟಿದೆ. ಬುಧವಾರದ ಸಮಾಜ ವಿಜ್ಞಾನ ಪರೀಕ್ಷೆಗೆ ನಾನು ಓದಬೇಕಾದ ನಕ್ಷೆಗಳ ಫೋಟೊ ಅದರಲ್ಲಿ ಮಾತ್ರ ಇವೆ. ಮಂಗಳವಾರ ಮಧ್ಯಾಹ್ನ ತಂದೆಯವರೊಂದಿಗೆ ಪೇಟೆಗೆ ಹೋಗಿ ರಿಪೇರಿ ಮಾಡಿಸಲು ಅನುಮತಿ ನೀಡಬೇಕೆಂದು ಕೋರುತ್ತೇನೆ. ಫೋನ್ ಸರಿಯಾಗದಿದ್ದರೂ ಬುಧವಾರ ಪರೀಕ್ಷೆಗೆ ತಪ್ಪದೆ ಹಾಜರಾಗುತ್ತೇನೆ.

ವಂದನೆಗಳೊಂದಿಗೆ,

ದಿನಾಂಕ:
ಸ್ಥಳ:

ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ,
(ಸಹಿ)

ಪೋಷಕರ ಸಹಿ:

ಈ ಅರ್ಜಿಯಲ್ಲಿ ‘ಮನೆಯ ಫೋನ್’ ಎಂದಿರುವುದಕ್ಕೆ ಕಾರಣವಿದೆ. ಎಷ್ಟೋ ಶಾಲೆಗಳು ಆವರಣದೊಳಗೆ ಫೋನ್ ತರಲು ಬಿಡುವುದಿಲ್ಲ. ನೋಟ್ಸು ಮಾತ್ರ ಫೋನಿಗೇ ಬರುತ್ತದೆ. ಕೆಟ್ಟದ್ದು ಮನೆಯಲ್ಲಿದ್ದ ಫೋನ್ ಎಂದು ಸ್ಪಷ್ಟವಾದರೆ ನಿಯಮ ಮುರಿದಳೆಂಬ ಅನುಮಾನ ಬರುವುದಿಲ್ಲ. ಪೋಷಕರ ಸಹಿ ಇದ್ದರೆ, ಅವರಿಗೆ ಗೊತ್ತಿದ್ದೇ ಹೋಗುತ್ತಿದ್ದಾಳೆ ಎಂದು ಶಾಲೆಗೂ ಧೈರ್ಯವಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಅರ್ಜಿಯ ಕೊನೆಯ ವಾಕ್ಯ. ಹುಡುಗಿ ಕೇಳುತ್ತಿರುವುದು ಓದಲು ಬೇಕಾದ್ದನ್ನು ಹೊಂದಿಸಿಕೊಳ್ಳುವ ಸಮಯವೇ ಹೊರತು ಪರೀಕ್ಷೆಯಿಂದ ವಿನಾಯಿತಿ ಅಲ್ಲ ಎಂಬುದು ಅದರಿಂದ ಗೊತ್ತಾಗುತ್ತದೆ. ಅದಿಲ್ಲದಿದ್ದರೆ ಇದೇ ಅರ್ಜಿ ಪರೀಕ್ಷೆ ತಪ್ಪಿಸುವ ಪೀಠಿಕೆಯಂತೆ ಕಾಣಬಹುದು. ಶಾಲೆಯೇ ನಡೆಸುವ ಪರೀಕ್ಷೆಯಾದರೆ ಪ್ರಾಂಶುಪಾಲರು ಇನ್ನೊಂದು ದಿನ ಬರೆಸಬಹುದೇನೋ. ಎಸ್ಸೆಸ್ಸೆಲ್ಸಿ ಮಂಡಳಿ ಪರೀಕ್ಷೆಯ ವೇಳಾಪಟ್ಟಿ ಮಾತ್ರ ಅವರ ಕೈಯಲ್ಲಿಲ್ಲ. ಅಲ್ಲಿ ಇಂಥ ಅರ್ಜಿಯಿಂದ ದಿನ ಮುಂದಕ್ಕೆ ಹೋಗುವುದಿಲ್ಲ.

ಅರ್ಜಿಯನ್ನು ಮಂಗಳವಾರ ಪ್ರಾರ್ಥನೆಗೆ ಮುಂಚೆಯೇ ತರಗತಿ ಶಿಕ್ಷಕರಿಗೆ ತೋರಿಸಿ, ಅವರ ಮೂಲಕ ಕಚೇರಿಗೆ ಕಳಿಸುವುದು ಸರಿಯಾದ ದಾರಿ. ಬುಧವಾರ ರಿಪೇರಿ ಅಂಗಡಿಯ ಚೀಟಿ ತಂದು ತೋರಿಸಿದರೆ ಹೇಳಿದ ಕಾರಣಕ್ಕೆ ಪುರಾವೆಯೂ ಸಿಗುತ್ತದೆ. ರಜೆ ಮಂಜೂರಾದ ಮಾತ್ರಕ್ಕೆ ಆ ಹೊತ್ತಿನ ಹಾಜರಿ ಸಿಕ್ಕಿತೆಂದು ತಿಳಿಯಬಾರದು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ. 75ರಷ್ಟು ಹಾಜರಿ ಬೇಕು. ಹಾಜರಿ ಈಗಾಗಲೇ ಆ ಅಂಚಿನಲ್ಲಿದ್ದರೆ ತಂದೆಯೊಬ್ಬರೇ ಪೇಟೆಗೆ ಹೋಗಿಬರಲಿ, ಹುಡುಗಿ ತರಗತಿಯಲ್ಲಿ ಕೂತು ಪಠ್ಯಪುಸ್ತಕದ ನಕ್ಷೆಗಳನ್ನೇ ಬರೆದು ಕಲಿಯಲಿ.