ಸಹಪಾಠಿಯ ಕರಡನ್ನು ಓದುವಾಗ ಏನು ಕೇಳಬೇಕು?

ತರಗತಿಯಲ್ಲಿ ಪ್ರಬಂಧದ ಕರಡುಗಳನ್ನು ಅದಲುಬದಲು ಮಾಡಿಸಿ, ‘ಪಕ್ಕದವರದನ್ನು ಓದಿ ಅಭಿಪ್ರಾಯ ಬರೆಯಿರಿ’ ಎಂದರೆ ಏನಾಗುತ್ತದೆ ಎಂಬುದು ಪಾಠ ಮಾಡುವವರಿಗೆಲ್ಲ ಗೊತ್ತು. ಹತ್ತು ನಿಮಿಷದಲ್ಲಿ ಹಾಳೆಗಳು ವಾಪಸು ಬರುತ್ತವೆ. ನಾಲ್ಕು ಕಡೆ ಒತ್ತಕ್ಷರ ತಿದ್ದಿರುತ್ತದೆ, ಕೆಳಗೆ ‘ಚೆನ್ನಾಗಿದೆ, ಇನ್ನೂ ಸ್ವಲ್ಪ ವಿವರ ಬೇಕಿತ್ತು’ ಎಂದಿರುತ್ತದೆ. ಈ ಮಾತನ್ನು ಯಾವ ಕರಡಿನ ಕೆಳಗಾದರೂ ಬರೆಯಬಹುದು. ಹುಡುಗರನ್ನಷ್ಟೇ ದೂರಬೇಕಾಗಿಲ್ಲ. ಅಮೆರಿಕದ ನ್ಯಾನ್ಸಿ ಸೊಮರ್ಸ್ 1982ರಲ್ಲಿ ಅಧ್ಯಾಪಕರ ಟಿಪ್ಪಣಿಗಳನ್ನೇ ಪರಿಶೀಲಿಸಿದಾಗ, ಅವುಗಳಲ್ಲಿ ಹೆಚ್ಚಿನವು ರಬ್ಬರ್ ಸ್ಟ್ಯಾಂಪಿನ ಹಾಗೆ ಎಲ್ಲಿಗೂ ಹೊಂದುವಂಥವೇ ಆಗಿದ್ದವು.

ತಪ್ಪು ಹೆಚ್ಚಾಗಿ ಇರುವುದು ಪ್ರಶ್ನೆಯಲ್ಲಿ. ‘ವಾದ ಸ್ಪಷ್ಟವಾಗಿದೆಯೇ?’ ಎಂದು ಕೇಳಿದರೆ ‘ಹೌದು’ ಎಂದು ಬರೆದು ಮುಗಿಸಬಹುದು, ಕರಡು ಓದಲೇಬೇಕೆಂದಿಲ್ಲ. ಮತ್ತೆ ಕರಡಿಗೆ ಹೋಗಿ ಇಂಥ ಸಾಲು ಎಂದು ಬೆರಳಿಟ್ಟು ತೋರಿಸದೆ ಉತ್ತರಿಸಲಾಗದ ಪ್ರಶ್ನೆಗಳು ಬೇಕು. ಅಂಥವು ಮೂರು ಇದ್ದರೆ ಸಾಕು.

ಒಂದು ಕರಡನ್ನು ಕಲ್ಪಿಸಿಕೊಳ್ಳೋಣ. ಪದವಿ ತರಗತಿಯ ಹುಡುಗಿಯೊಬ್ಬಳು ಶಕ್ತಿ ಯೋಜನೆಯ ಬಗ್ಗೆ ಬರೆದಿದ್ದಾಳೆ. ಮೊದಲ ಪ್ಯಾರಾದಲ್ಲಿ ವೇದಕಾಲದಿಂದ ಸ್ತ್ರೀಯರ ಸ್ಥಾನಮಾನ. (ನಮ್ಮ ಪ್ರಬಂಧಗಳು ಬಸ್ಸಿನ ವಿಷಯವಾದರೂ ವೇದಕಾಲದಿಂದಲೇ ಹೊರಡುತ್ತವೆ.) ಎರಡನೆಯದರಲ್ಲಿ ಯೋಜನೆಯ ವಿವರ: 2023ರ ಜೂನ್ 11ರಂದು ಆರಂಭ, ರಾಜ್ಯದ ಮಹಿಳೆಯರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತ ಪ್ರಯಾಣ. ಮೂರನೆಯದರಲ್ಲಿ ಕೋಟಿಗಟ್ಟಲೆ ಶೂನ್ಯ ಟಿಕೆಟ್ ವಿತರಣೆಯಾದ ಮಾತು. ನಾಲ್ಕನೆಯದರಲ್ಲಿ ಬಸ್ಸಿನ ನೂಕುನುಗ್ಗಲು, ಧರ್ಮಸ್ಥಳ, ಸವದತ್ತಿಗಳಲ್ಲಿ ಹೆಚ್ಚಿದ ಜನ. ಐದನೆಯದರಲ್ಲಿ ಪಕ್ಕದ ಮನೆಯ ಆಂಟಿ ಪಟ್ಟಣದ ಗಾರ್ಮೆಂಟ್ಸ್‌ಗೆ ಸೇರಿದ ಕಥೆ. ಕೊನೆಗೆ, ‘ಹೀಗೆ ಈ ಯೋಜನೆ ಮಹಿಳೆಯರನ್ನು ಆರ್ಥಿಕವಾಗಿ ಸಬಲರನ್ನಾಗಿಸಿದೆ’.

ಮೊದಲ ಪ್ರಶ್ನೆ ವಾದದ್ದು. ಕರಡನ್ನು ಮುಚ್ಚಿಟ್ಟು ಒಂದೇ ವಾಕ್ಯದಲ್ಲಿ ಬರೆಯಬೇಕು: ನಾನು ಏನನ್ನು ಒಪ್ಪಬೇಕೆಂದು ಈಕೆ ಕೇಳುತ್ತಿದ್ದಾಳೆ? ಓದಿದ ಹುಡುಗ ‘ಶಕ್ತಿ ಯೋಜನೆಯಿಂದ ಹೆಂಗಸರಿಗೆ ಅನುಕೂಲವಾಗಿದೆ’ ಎಂದು ಬರೆಯುತ್ತಾನೆ. ಅವಳು ಹೇಳಹೊರಟದ್ದು ಅದಲ್ಲ. ಬಸ್ ಚಾರ್ಜು ಉಳಿದದ್ದರಿಂದ ಹೆಚ್ಚು ಹೆಂಗಸರು ದುಡಿಯಲು ಹೊರಗೆ ಹೋಗುತ್ತಿದ್ದಾರೆ ಎಂದು. ಇವೆರಡರ ನಡುವಿನ ಅಂತರವೇ ಅವಳಿಗೆ ಸಿಗಬೇಕಾದ ಮಾಹಿತಿ. ಇದರ ಬೆನ್ನಿಗೇ ಇನ್ನೊಂದನ್ನು ಕೇಳಬೇಕು: ಈ ವಾಕ್ಯಕ್ಕೆ ‘ಇಲ್ಲ’ ಎನ್ನುವವರು ಯಾರಿದ್ದಾರೆ, ಅವರು ಏನು ಹೇಳುತ್ತಾರೆ? ಟಿಕೆಟ್ ದುಡ್ಡು ಉಳಿದರೆ ಅನುಕೂಲವೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಯೋಜನೆಯನ್ನು ಟೀಕಿಸುವವರೂ ಅದರ ಖರ್ಚಿನ ಮಾತೆತ್ತಿಯಾರೇ ಹೊರತು ಅನುಕೂಲವಿಲ್ಲ ಎನ್ನಲಾರರು. ಹಾಗಾಗಿ ಮೊದಲ ವಾಕ್ಯದಲ್ಲಿ ವಾದವೇ ಇಲ್ಲ. ಎರಡನೆಯದನ್ನು ಅಲ್ಲಗಳೆಯಬಹುದು: ‘ಹೋಗುತ್ತಿರುವುದು ಹೆಚ್ಚಾಗಿ ದೇವಸ್ಥಾನಕ್ಕೆ, ನೆಂಟರ ಮನೆಗೆ’ ಎನ್ನಬಹುದು. ಹಾಗೆ ಅನ್ನುವವನಿಗೆ ಬೇಕಾದ ಸಾಮಗ್ರಿಯನ್ನು ನಾಲ್ಕನೆಯ ಪ್ಯಾರಾದಲ್ಲಿ ಅವಳೇ ಒದಗಿಸಿಟ್ಟಿದ್ದಾಳೆ, ಉತ್ತರವನ್ನು ಮಾತ್ರ ಕೊಟ್ಟಿಲ್ಲ.

ಎರಡನೆಯದು ಆಧಾರದ ಪ್ರಶ್ನೆ. ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. ‘ಸಾಕಷ್ಟು ಅಂಕಿಅಂಶ ಇವೆಯೇ?’ ಎಂದು ಕೇಳಿದರೆ ಬರೆದವಳು ಇನ್ನೆರಡು ಅಂಕಿ ತಂದು ತುರುಕುತ್ತಾಳೆ. ಬ್ರಿಟಿಷ್ ತತ್ತ್ವಶಾಸ್ತ್ರಜ್ಞ ಸ್ಟೀಫನ್ ಟೂಲ್ಮಿನ್ 1958ರಲ್ಲಿ ವಾದದ ಒಳರಚನೆಯನ್ನು ಬಿಡಿಸಿ ತೋರಿಸಿದಾಗ ಹೇಳಿದ ಒಂದು ಸಂಗತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆಧಾರಕ್ಕೂ ತೀರ್ಮಾನಕ್ಕೂ ನಡುವೆ ಇನ್ನೊಂದು ನಂಬಿಕೆ ಇರುತ್ತದೆ, ಬರೆಯುವವರು ಅದನ್ನು ಸಾಮಾನ್ಯವಾಗಿ ಬಾಯಿಬಿಟ್ಟು ಹೇಳುವುದಿಲ್ಲ. ಆದ್ದರಿಂದ ಕೇಳಬೇಕಾದದ್ದು: ಈ ಅಂಕಿಯಿಂದ ಆ ತೀರ್ಮಾನಕ್ಕೆ ಬರಬೇಕಾದರೆ ನಾನು ಇನ್ನೇನನ್ನು ನಂಬಿರಬೇಕು?

ಶೂನ್ಯ ಟಿಕೆಟ್ ಲೆಕ್ಕವನ್ನೇ ನೋಡಿ. ಮಹಿಳೆ ಬಸ್ ಹತ್ತಿದಾಗಲೆಲ್ಲ ಕಂಡಕ್ಟರ್ ಒಂದು ಟಿಕೆಟ್ ಕೊಡುತ್ತಾರೆ. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಒಂದು ಬಸ್ಸು, ಅಲ್ಲಿಂದ ಜಿಲ್ಲಾ ಕೇಂದ್ರಕ್ಕೆ ಇನ್ನೊಂದು, ಸಂಜೆ ಅದೇ ದಾರಿಯಲ್ಲಿ ವಾಪಸು. ಒಬ್ಬಾಕೆಗೆ ಒಂದೇ ದಿನ ನಾಲ್ಕು ಟಿಕೆಟ್. ತಿಂಗಳಿಗೆ 25 ದಿನ ಹೋಗಿಬಂದರೆ ನೂರು. ಅಂದರೆ ಆ ಕೋಟಿಗಳು ಪ್ರಯಾಣದ ಲೆಕ್ಕ, ತಲೆಗಳ ಲೆಕ್ಕವಲ್ಲ. ಕರಡಿನಲ್ಲಿ ‘ಇಷ್ಟು ಕೋಟಿ ಮಹಿಳೆಯರು’ ಎಂದಿದ್ದರೆ ಅಲ್ಲೇ ಗೆರೆ ಎಳೆಯಬೇಕು. ಆ ಸಂಖ್ಯೆ ರಾಜ್ಯದ ಜನಸಂಖ್ಯೆಯನ್ನೇ ಮೀರಿದೆಯೇ ಎಂದು ನೋಡಿದರೂ ತಪ್ಪು ಹೊರಬೀಳುತ್ತದೆ. ಎರಡನೆಯ ತೊಡಕು ಇನ್ನೂ ಸೂಕ್ಷ್ಮ. ‘ಹೆಚ್ಚಿದೆ’ ಎನ್ನಲು ಮೊದಲು ಎಷ್ಟಿತ್ತೆಂಬುದು ಬೇಕು. ಶೂನ್ಯ ಟಿಕೆಟ್ ಎಂಬುದೇ ಯೋಜನೆಯ ಜೊತೆಗೆ ಬಂದದ್ದು, ಆದ್ದರಿಂದ ಹಿಂದಿನ ವರ್ಷದ ಲೆಕ್ಕ ಆ ಅಂಕಿಯೊಳಗೆ ಸಿಗುವುದಿಲ್ಲ. ದುಡ್ಡು ಕೊಟ್ಟು ಓಡಾಡುತ್ತಿದ್ದವರೂ ಈಗ ಅದರಲ್ಲೇ ಸೇರಿದ್ದಾರೆ. ಇನ್ನು, ಟಿಕೆಟ್ಟು ಯಾಕೆ ಹೊರಟೆ ಎಂದು ಯಾರನ್ನೂ ಕೇಳುವುದಿಲ್ಲ. ಬಸ್ ಹತ್ತಿದ್ದಕ್ಕೂ ಕೆಲಸ ಸಿಕ್ಕಿದ್ದಕ್ಕೂ ಮಧ್ಯೆ ಇರುವ ಈ ಕಂದಕವನ್ನು ಅವಳು ‘ಹೀಗೆ’ ಎಂಬ ಒಂದೇ ಪದದಲ್ಲಿ ದಾಟಿಬಿಟ್ಟಿದ್ದಾಳೆ. ‘ಹೀಗೆ’, ‘ಆದ್ದರಿಂದ’, ‘ಇದರಿಂದ ಸ್ಪಷ್ಟವಾಗುತ್ತದೆ’ ಎಂಬ ಮಾತುಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾ ಹೋದರೆ ಸಡಿಲವಾದ ಜಾಗಗಳಲ್ಲಿ ಹೆಚ್ಚಿನವು ಸಿಕ್ಕೇಬಿಡುತ್ತವೆ.

ಆಂಟಿಯ ಕಥೆಯನ್ನು ‘ಒಬ್ಬರ ಉದಾಹರಣೆ ಸಾಲದು’ ಎಂದು ತಳ್ಳಿಹಾಕುವುದು ಸುಲಭ. ನನ್ನ ಮಟ್ಟಿಗೆ ಆ ಕರಡಿನ ಗಟ್ಟಿ ಪ್ಯಾರಾ ಅದೇ, ಯಾಕೆಂದರೆ ಬಸ್ಸಿಗೂ ದುಡಿಮೆಗೂ ಸಂಬಂಧ ಕಾಣುವುದು ಅಲ್ಲೊಂದೇ ಕಡೆ. ಎಷ್ಟು ಜನ ಎಂದು ಅದು ಹೇಳಲಾರದು, ಹೇಗೆ ಎಂದು ಹೇಳಬಲ್ಲದು. ದಿನಕ್ಕೆ ಎಷ್ಟು ಚಾರ್ಜು ಆಗುತ್ತಿತ್ತು, ಸಂಬಳದಲ್ಲಿ ಅದೆಷ್ಟು ಪಾಲು, ಮೊದಲು ಯಾಕೆ ಹೋಗುತ್ತಿರಲಿಲ್ಲ ಎಂಬುದನ್ನು ವಿಚಾರಿಸಿ ಬರೆದರೆ ಅದು ಕಥೆಯಾಗಿ ಉಳಿಯದೆ ಆಧಾರವಾಗುತ್ತದೆ.

ಕಟ್ಟಿನ ಪ್ರಶ್ನೆಗೆ ಉಪಾಯ ಸರಳ. ಪ್ರತಿ ಪ್ಯಾರಾದ ಪಕ್ಕ ಅದು ಮಾಡುವ ಕೆಲಸವನ್ನು ಐದಾರು ಪದಗಳಲ್ಲಿ ಬರೆದು, ಆಮೇಲೆ ಅಂಚನ್ನು ಮಾತ್ರ ಓದುವುದು. ‘ಹೆಂಗಸರ ಸ್ಥಾನ, ಯೋಜನೆಯ ವಿವರ, ಟಿಕೆಟ್ ಲೆಕ್ಕ, ನೂಕುನುಗ್ಗಲು, ಆಂಟಿ ಕಥೆ, ತೀರ್ಮಾನ.’ ಮೂರನೆಯದನ್ನೂ ಐದನೆಯದನ್ನೂ ಅದಲುಬದಲು ಮಾಡಿದರೆ ಏನಾದರೂ ಕೆಡುತ್ತದೆಯೇ? ಇಲ್ಲಿ ಕೆಡುವುದಿಲ್ಲ, ಅಂದರೆ ಪ್ಯಾರಾಗಳು ಒಂದರ ಪಕ್ಕ ಒಂದು ಕೂತಿವೆ, ಒಂದರಿಂದ ಒಂದು ಹುಟ್ಟಿಲ್ಲ. ಮೊದಲ ಪ್ಯಾರಾ ತೆಗೆದರೂ ಯಾವ ಸಾಲಿಗೂ ಅದರ ಕೊರತೆ ಕಾಣದು.

ಇನ್ನು ಹೇಳುವ ಬಗೆ. ಪೀಟರ್ ಎಲ್ಬೋ 1973ರ ತಮ್ಮ ಪುಸ್ತಕದಲ್ಲಿ, ಓದುಗ ತೀರ್ಪು ಕೊಡುವುದಕ್ಕಿಂತ ಓದುವಾಗ ತನ್ನ ತಲೆಯಲ್ಲಿ ಏನು ನಡೆಯಿತೆಂದು ಹೇಳಲಿ ಎಂದರು. ‘ಇದು ತಪ್ಪು ಕಣೇ’ ಎಂದರೆ ಜಗಳವಾಗುತ್ತದೆ. ‘ನಾಲ್ಕನೇ ಪ್ಯಾರಾ ಓದುವಾಗ ನೀನು ಯೋಜನೆಗೆ ವಿರುದ್ಧ ಇದ್ದೀಯ ಅನ್ನಿಸ್ತು, ಐದನೇದಕ್ಕೆ ಬಂದಾಗ ಗೊಂದಲ ಆಯ್ತು’ ಎಂದರೆ ಅಲ್ಲಗಳೆಯಲು ಏನೂ ಉಳಿಯುವುದಿಲ್ಲ. ಅವನಿಗೆ ಹಾಗನ್ನಿಸಿದ್ದು ನಿಜ ತಾನೇ. ಅವನು ಹೇಳಿ ಮುಗಿಸುವವರೆಗೆ ಅವಳು ‘ನಾನು ಹೇಳಿದ್ದು ಹಾಗಲ್ಲ’ ಎನ್ನದೆ ಬರೆದುಕೊಳ್ಳುತ್ತಿರಬೇಕು. ಪರೀಕ್ಷಕರಿಗೆ ವಿವರಿಸಲು ಹಾಳೆಯ ಜೊತೆ ಅವಳೇನೂ ಹೋಗುವುದಿಲ್ಲ. ಒತ್ತಕ್ಷರದ ತಿದ್ದುಪಡಿ ಕೊನೆಯ ಸುತ್ತಿಗಿರಲಿ, ಹೇಗೂ ಹೊಡೆದುಹಾಕಬೇಕಾದ ಪ್ಯಾರಾದ ಕಾಗುಣಿತ ತಿದ್ದಿ ಏನು ಪ್ರಯೋಜನ?

ಈ ಪದ್ಧತಿಗೆ ಮಿತಿಯೂ ಇದೆ. ವಾದ ಎಲ್ಲಿ ಜಾರಿತೆಂದು ಸಹಪಾಠಿ ತೋರಿಸಬಲ್ಲ. ಯೋಜನೆಯ ವಿವರವನ್ನೇ ಅವಳು ತಪ್ಪಾಗಿ ಬರೆದಿದ್ದರೆ ಅವನಿಗೂ ಅದು ಗೊತ್ತಿಲ್ಲದಿರಬಹುದು. ಅದಕ್ಕೆ ಮೇಷ್ಟ್ರೇ ಬೇಕು, ಇಲ್ಲವೇ ಮೂಲ ದಾಖಲೆ. ಅವನು ಹೇಳಿದ್ದನ್ನೆಲ್ಲ ಅವಳು ಒಪ್ಪಲೇಬೇಕೆಂದೂ ಇಲ್ಲ. ನೂಕುನುಗ್ಗಲಿನ ಪ್ಯಾರಾ ತೆಗೆದುಬಿಡು ಎಂದು ಅವನು ಹೇಳಿರಬಹುದು. ಅವಳು ಅದನ್ನು ಉಳಿಸಿಕೊಂಡು, ಎದುರುವಾದವಾಗಿ ಮೇಲಕ್ಕೆ ತಂದು, ವೇದಕಾಲವನ್ನು ಹೊಡೆದುಹಾಕಿ, ಕೊನೆಯ ವಾಕ್ಯವನ್ನು ಹೀಗೆ ಇಳಿಸಿಕೊಳ್ಳಬಹುದು: ‘ದಿನಗೂಲಿಯಲ್ಲಿ ದೊಡ್ಡ ಪಾಲು ಬಸ್ಸಿಗೇ ಹೋಗುತ್ತಿದ್ದ ಹೆಂಗಸರಿಗೆ ದೂರದ ಕೆಲಸ ಈಗ ಲೆಕ್ಕಕ್ಕೆ ಕೂರುತ್ತಿದೆ, ಅಂಥವರು ಎಷ್ಟು ಜನ ಎಂಬುದನ್ನು ಟಿಕೆಟ್ ಸಂಖ್ಯೆ ಹೇಳುವುದಿಲ್ಲ.’