ನಿಮಗೆ ಏನಾದರೂ ಕೇಳಲಿಕ್ಕುಂಟಾ?

ಗಲ್ಫಿನ ಕೆಲಸಕ್ಕೆ ಈಗ ಮುಂಬೈಗೆ ಹೋಗಿ ಸಾಲಿನಲ್ಲಿ ನಿಲ್ಲುವ ಕಾಲ ಹೆಚ್ಚುಕಡಿಮೆ ಹೋಯಿತು. ಮನೆಯ ಚಾವಡಿಯಲ್ಲಿ ಮೊಬೈಲ್ ಇಟ್ಟುಕೊಂಡೇ ಇಂಟರ್ವ್ಯೂ ಮುಗಿಯುತ್ತದೆ. ಅರ್ಧ ಗಂಟೆ ಅವರು ಕೇಳುತ್ತಾರೆ, ನಮ್ಮ ಹುಡುಗ ಉತ್ತರ ಹೇಳುತ್ತಾನೆ. ಕೊನೆಗೆ ಆ ಕಡೆಯಿಂದ ಒಂದು ಮಾತು ಬರುತ್ತದೆ: 'ನಿಮಗೆ ಏನಾದರೂ ಕೇಳಲಿಕ್ಕುಂಟಾ?' ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಅಲ್ಲಿ 'ನೋ ಸರ್, ಥ್ಯಾಂಕ್ಯೂ ಸರ್' ಅಂತ ಹೇಳಿ ಫೋನ್ ಇಡುತ್ತಾರೆ. ಕೇಳಿದರೆ ಎಲ್ಲಿ ಕೆಲಸ ಕೈ ತಪ್ಪುತ್ತದೋ ಎಂಬ ಹೆದರಿಕೆ.

ಹಾಗೆ ಫೋನ್ ಇಟ್ಟವರು ಆರು ತಿಂಗಳಲ್ಲಿ ವಾಪಸು ಬಂದದ್ದನ್ನು ನಮ್ಮ ಜಮಾಅತ್‌ನಲ್ಲೇ ಕಂಡಿದ್ದೇನೆ. ಸಂಬಳ ಸರಿ ಇತ್ತು, ರೂಮ್ ಸರಿ ಇತ್ತು, 'ಮ್ಯಾನೇಜರ್ ಆಗ್ಲಿಲ್ಲ ಉಸ್ತಾದ್' ಅಂತ ಒಂದೇ ಮಾತು. ಸಂಬಳವನ್ನು ಹತ್ತು ಸಲ ವಿಚಾರಿಸುವ ನಾವು, ದಿನಕ್ಕೆ ಒಂಬತ್ತು ಗಂಟೆ ಯಾರ ಕೈಕೆಳಗೆ ಇರಬೇಕೋ ಆ ಮನುಷ್ಯನ ಬಗ್ಗೆ ಒಂದು ಸಲವೂ ವಿಚಾರಿಸುವುದಿಲ್ಲ. ಹೆಣ್ಣು ನೋಡಲಿಕ್ಕೆ ಹೋಗುವಾಗ ನಾಲ್ಕು ಮೊಹಲ್ಲಾದಲ್ಲಿ ವಿಚಾರಿಸುವ ಜನ ನಾವು!

ವಿಚಾರಿಸುವುದಕ್ಕೂ ಒಂದು ಕ್ರಮ ಉಂಟು. ಕಳೆದ ವರ್ಷ ನಮ್ಮೂರಿನ ಒಬ್ಬ ಬಿ.ಕಾಂ. ಹುಡುಗ ಇದನ್ನು ಚೆನ್ನಾಗಿ ಮಾಡಿದ. ಮಂಗಳೂರಿನಲ್ಲಿ ಒಬ್ಬರು ಆಡಿಟರ ಆಫೀಸಿನಲ್ಲಿ ಎರಡು ವರ್ಷ ಕೆಲಸ ಮಾಡಿದವ. ಎರಡು ಕಡೆಯಿಂದ ಕರೆ ಬಂತು. ಒಂದು ದುಬೈಯ ದೇರಾದಲ್ಲಿ ಕಟ್ಟಡ ಸಾಮಗ್ರಿ ಮಾರುವ ಕಂಪೆನಿ, ತಿಂಗಳಿಗೆ 3,500 ದಿರ್ಹಮ್. ಇನ್ನೊಂದು ಶಾರ್ಜಾದಲ್ಲಿ ದಿನಸಿ ಸಾಮಾನು ಸಪ್ಲೈ ಮಾಡುವ ಕಂಪೆನಿ, 3,000 ದಿರ್ಹಮ್. ಎರಡೂ ಅಕೌಂಟೆಂಟ್ ಕೆಲಸವೇ. ಮನೆಯವರ ಲೆಕ್ಕ ಸುಲಭ ಇತ್ತು: ಐನೂರು ಜಾಸ್ತಿ ಇದ್ದಲ್ಲಿಗೆ ಹೋಗು ಅಂತ.

ಅವನ ಸೋದರಮಾವ ಹಿಂದೆ ಅಬುಧಾಬಿಯಲ್ಲಿ ಹದಿನೈದು ವರ್ಷ ಇದ್ದವರು. ಅವರು ಹೇಳಿದ್ದು ಬೇರೆ. 'ಮೋನೆ, ನಿಮ್ಮ ಆಫೀಸಿನ ವಾತಾವರಣ ಹೇಗೆ ಅಂತ ಮಾತ್ರ ಕೇಳಬೇಡ. ನಾವೆಲ್ಲ ಒಂದೇ ಮನೆಯವರ ಹಾಗೆ ಅಂತ ಹೇಳ್ತಾರೆ, ಎಲ್ಲರೂ ಹಾಗೇ ಹೇಳುವುದು. ಆಗಿ ಹೋದದ್ದನ್ನು ಕೇಳು.'

ಇಡೀ ವಿಷಯದ ತಿರುಳು ಈ ಮಾತಿನಲ್ಲಿ ಉಂಟು. ಅಭಿಪ್ರಾಯ ಕೇಳಿದರೆ ಸಿಗುವುದು ಹೊಗಳಿಕೆ. ಹೋದ ತಿಂಗಳು ನಡೆದದ್ದನ್ನು ಕೇಳಿದರೆ ಮನುಷ್ಯ ಒಂದೋ ನಡೆದದ್ದನ್ನು ಹೇಳಬೇಕು, ಇಲ್ಲ ನುಣುಚಿಕೊಳ್ಳಬೇಕು. ನುಣುಚಿಕೊಂಡರೆ ಅದು ಕಾಣುತ್ತದೆ. 'ನಿಮ್ಮಲ್ಲಿ ಕೆಲಸದ ಒತ್ತಡ ಹೇಗೆ?' ಎಂದರೆ 'ನಾರ್ಮಲ್' ಎಂಬ ಉತ್ತರ ಬರುತ್ತದೆ. ಅದರ ಬದಲು ಅಕೌಂಟ್ಸ್ ಕೆಲಸಕ್ಕೆ ಹೋಗುವವ ಹೀಗೆ ಕೇಳಬಹುದು: 'ಕಳೆದ ಸಲ ವ್ಯಾಟ್ ರಿಟರ್ನ್ ಹಾಕಿದ ವಾರ ಟೀಮಿನವರು ಎಷ್ಟು ಗಂಟೆಗೆ ಮನೆಗೆ ಹೋದರು?'

ಯಾಕೆ ವ್ಯಾಟ್? ಯುಎಇಯಲ್ಲಿ 2018ರ ಜನವರಿ 1ರಿಂದ ಶೇ. 5ರ ವ್ಯಾಟ್ ಉಂಟು. ಹೆಚ್ಚಿನ ಕಂಪೆನಿಗಳು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬೇಕು. ಅವಧಿ ಮುಗಿದ ಮುಂದಿನ ತಿಂಗಳ 28ನೇ ತಾರೀಕು ಕೊನೆಯ ದಿನ, ತಪ್ಪಿದರೆ ದಂಡ. ಹಾಗಾಗಿ 28ರ ಹಿಂದಿನ ವಾರ ಅಕೌಂಟ್ಸ್ ವಿಭಾಗಕ್ಕೆ ಪರೀಕ್ಷೆಯ ವಾರ. ಒಬ್ಬ ಮ್ಯಾನೇಜರನ ನಿಜವಾದ ಸ್ವಭಾವ ಹೊರಗೆ ಬರುವುದು ಆ ವಾರದಲ್ಲಿ. ಸೇಲ್ಸ್‌ಗೆ ಹೋಗುವವ ಟಾರ್ಗೆಟ್ ಮುಟ್ಟದ ತಿಂಗಳ ಬಗ್ಗೆ ಕೇಳಬೇಕು, ಸೂಪರ್ ಮಾರ್ಕೆಟಿಗೆ ಹೋಗುವವ ರಂಝಾನಿನ ಕೊನೆಯ ಹತ್ತು ದಿನದ ಬಗ್ಗೆ. ಯಾವ ಕೆಲಸಕ್ಕೂ ಅದರದ್ದೇ ಕಷ್ಟದ ವಾರ ಇದ್ದೇ ಇರುತ್ತದೆ.

ಹುಡುಗ ಇಬ್ಬರು ಮ್ಯಾನೇಜರರಿಗೂ ಮೂರೇ ಪ್ರಶ್ನೆ ಕೇಳಿದ, ಒಂದೇ ಕ್ರಮದಲ್ಲಿ. ಮೊದಲನೆಯದು: ಈ ಜಾಗ ಯಾಕೆ ಖಾಲಿ ಆಯಿತು, ಮೊದಲು ಇದ್ದವರು ಈಗ ಎಲ್ಲಿದ್ದಾರೆ?

ದೇರಾದವರು ಹೇಳಿದ್ದು: 'ಅವನಿಗೆ ಕೆಲಸ ಗೊತ್ತಿರಲಿಲ್ಲ. ಅವನ ಹಿಂದಿನವನೂ ಸೀರಿಯಸ್ ಇರಲಿಲ್ಲ.' ಹಿಂದಿನವ ಎಷ್ಟು ಸಮಯ ಇದ್ದ ಅಂತ ಇವ ಮೆಲ್ಲಗೆ ಕೇಳಿದ. ಏಳೆಂಟು ತಿಂಗಳು ಎಂಬ ಉತ್ತರ ಬಂತು. ಅಂದರೆ ಎರಡು ವರ್ಷದ ಒಳಗೆ ಆ ಕುರ್ಚಿಗೆ ಇವ ಮೂರನೆಯವ. ಶಾರ್ಜಾದವರು ಹೇಳಿದ್ದು: 'ಅವ ನಾಲ್ಕು ವರ್ಷ ಇದ್ದ. ಈಗ ಒಂದು ದೊಡ್ಡ ಕಂಪೆನಿಯಲ್ಲಿ ಸೀನಿಯರ್ ಆಗಿ ಹೋದ. ನಮ್ಮಲ್ಲಿ ಮೇಲೆ ಹೋಗಲಿಕ್ಕೆ ಜಾಗ ಇರಲಿಲ್ಲ, ನಾನೇ ಬಿಟ್ಟುಕೊಟ್ಟೆ.' ಇದರಲ್ಲಿ ಎರಡು ಸುದ್ದಿ ಉಂಟು. ಮ್ಯಾನೇಜರ್ ಬಿಟ್ಟುಹೋದವನ ಬಗ್ಗೆ ಕೆಟ್ಟದ್ದು ಹೇಳಲಿಲ್ಲ. ಅದರ ಜೊತೆಗೆ, ಈ ಕಂಪೆನಿಯಲ್ಲಿ ಬಡ್ತಿ ಕಷ್ಟ ಅಂತಲೂ ಗೊತ್ತಾಯಿತು. ಒಳ್ಳೆಯ ಉತ್ತರದ ಒಳಗೂ ಒಂದು ಕೊರತೆ ಅಡಗಿರುತ್ತದೆ, ಕಿವಿ ತೆರೆದಿಟ್ಟರೆ ಅದೂ ಸಿಗುತ್ತದೆ.

ಒಂದು ಎಚ್ಚರ. ಒಬ್ಬ ಬೇಗ ಬಿಟ್ಟುಹೋದ ಮಾತ್ರಕ್ಕೆ ಮ್ಯಾನೇಜರ್ ಕೆಟ್ಟವ ಅಂತ ಅಲ್ಲ. ಊರಿನಲ್ಲಿ ತಾಯಿಗೆ ಹುಷಾರಿಲ್ಲದೆ ಬಂದವರೂ ಇರುತ್ತಾರೆ. ಇಬ್ಬರು ಮೂವರು ಸಾಲಾಗಿ ಹೋದರೆ, ಅದರಲ್ಲೂ ಎಲ್ಲರ ತಪ್ಪೂ ಅವರವರದ್ದೇ ಅಂತ ಮ್ಯಾನೇಜರ್ ಹೇಳಿದರೆ, ಆಗ ಯೋಚನೆ ಮಾಡಬೇಕು.

ಎರಡನೆಯ ಪ್ರಶ್ನೆ ಎಲ್ಲದಕ್ಕಿಂತ ಮುಖ್ಯದ್ದು. 'ಟೀಮಿನಲ್ಲಿ ಇತ್ತೀಚೆಗೆ ಯಾರಿಂದಾದರೂ ಒಂದು ತಪ್ಪು ಆದದ್ದು ಉಂಟಾ? ಆಗ ಏನು ಮಾಡಿದಿರಿ?' ದೇರಾದವರು ನಕ್ಕರಂತೆ. 'ನನ್ನ ಟೀಮಿನಲ್ಲಿ ತಪ್ಪು ಆಗುವುದಿಲ್ಲ.' ಲೆಕ್ಕ ಬರೆಯುವ ಜಾಗದಲ್ಲಿ ತಪ್ಪೇ ಆಗುವುದಿಲ್ಲ ಎಂದರೆ ಏನರ್ಥ? ತಪ್ಪು ಆಗ್ತದೆ, ಆದರೆ ಹೆದರಿಕೆಯಿಂದ ಯಾರೂ ಅದನ್ನು ಮ್ಯಾನೇಜರನ ಹತ್ತಿರ ತರುವುದಿಲ್ಲ ಅಂತ. ಮುಚ್ಚಿಟ್ಟ ತಪ್ಪು ಆಡಿಟ್‌ನಲ್ಲಿ ಹೊರಗೆ ಬರುವಾಗ ಹೊಸದಾಗಿ ಸೇರಿದವನ ತಲೆ ಮೇಲೆ ಬೀಳುವುದೂ ಉಂಟು.

ಶಾರ್ಜಾದ ಮ್ಯಾನೇಜರ್ ಸ್ವಲ್ಪ ಯೋಚಿಸಿ ಒಂದು ಘಟನೆ ಹೇಳಿದರು. ಒಬ್ಬ ಹುಡುಗ ಒಂದು ಗ್ರಾಹಕನ ಇನ್‌ವಾಯ್ಸ್‌ನಲ್ಲಿ ದರ ತಪ್ಪು ಹಾಕಿದ್ದ. ವ್ಯಾಟ್ ಕೂಡ ಅದೇ ತಪ್ಪು ಮೊತ್ತದ ಮೇಲೆ ಹೋಗಿತ್ತು. ಹುಡುಗನೇ ಎರಡು ದಿನ ಬಿಟ್ಟು ಬಂದು ಹೇಳಿದ. ಟ್ಯಾಕ್ಸ್ ಕ್ರೆಡಿಟ್ ನೋಟ್ ಕೊಟ್ಟು ಸರಿಮಾಡಿದರು. 'ಸೈನ್ ಮಾಡಿದ್ದು ನಾನು, ನಾನೂ ನೋಡಿರಲಿಲ್ಲ. ಈಗ ದೊಡ್ಡ ಬಿಲ್ ಹೋಗುವ ಮೊದಲು ಇನ್ನೊಬ್ಬ ನೋಡಬೇಕು ಅಂತ ಮಾಡಿದ್ದೇವೆ' ಅಂದರು. ಇಂಥ ಉತ್ತರದಲ್ಲಿ ನೋಡಬೇಕಾದ್ದು ಮೂರು. ತಪ್ಪನ್ನು ಹೇಳಿದ್ದು ಯಾರು, ಮಾಡಿದವನೇ ಬಂದು ಹೇಳಿದನಾ? ಮ್ಯಾನೇಜರ್ ತನ್ನ ಪಾಲನ್ನು ಒಪ್ಪಿಕೊಂಡನಾ? ಆಮೇಲೆ ಕೆಲಸದ ಕ್ರಮದಲ್ಲಿ ಏನಾದರೂ ಬದಲಾಯಿತಾ, ಇಲ್ಲ ಬರೀ ಬೈಗುಳದಲ್ಲಿ ಮುಗಿಯಿತಾ?

ಮೂರನೆಯದು ಆ ವ್ಯಾಟ್ ವಾರದ ಪ್ರಶ್ನೆ. ದೇರಾದವರು 'ಕೆಲಸ ಮುಗಿದ ಮೇಲೆ ಹೋಗಬಹುದು' ಅಂದರು. ಶಾರ್ಜಾದವರು 'ಆ ನಾಲ್ಕೈದು ದಿನ ರಾತ್ರಿ ಒಂಬತ್ತು ಗಂಟೆ ಆಗ್ತದೆ, ಮರುದಿನ ತಡವಾಗಿ ಬರಬಹುದು' ಅಂದರು. ಎರಡನೆಯದು ಕಿವಿಗೆ ಹಿತವಲ್ಲದ ಉತ್ತರ. ಆದರೆ ಅದರಲ್ಲಿ ಗಂಟೆ ಉಂಟು, ದಿನದ ಲೆಕ್ಕ ಉಂಟು.

ಪ್ರಶ್ನೆ ಕೇಳುವ ದಾಟಿಯೂ ಮುಖ್ಯ. ಪೊಲೀಸಿನವರ ಹಾಗೆ ಕೇಳಿದರೆ ಯಾರಿಗೂ ಹಿಡಿಸುವುದಿಲ್ಲ. 'ಸೇರಿದ ಮೇಲೆ ಬೇಗ ಹೊಂದಿಕೊಳ್ಳಬೇಕು ಅಂತ ಕೇಳ್ತಾ ಇದ್ದೇನೆ ಸರ್' ಅಂತ ಮೊದಲೇ ಹೇಳಿದರೆ ಸಾಕು. ಸಂಬಳ, ರೂಮ್, ಟಿಕೆಟ್, ರಜೆಯ ವಿಷಯ ಮ್ಯಾನೇಜರನ ಹತ್ತಿರ ಬೇಡ, ಅದು ಎಚ್.ಆರ್.ನವರಿಗೆ. ಜುಮುಅದ ವಿಷಯವನ್ನು ಮಾತ್ರ ಮ್ಯಾನೇಜರನ ಹತ್ತಿರವೇ ಕೇಳುವುದು ಒಳ್ಳೆಯದು. 2022ರ ಜನವರಿಯಿಂದ ಅಲ್ಲಿ ಫೆಡರಲ್ ಸರಕಾರಿ ಕಚೇರಿಗಳಿಗೆ ಶುಕ್ರವಾರ ಅರ್ಧ ದಿನ ಕೆಲಸ, ಶನಿವಾರ ಭಾನುವಾರ ರಜೆ. ಖಾಸಗಿ ಕಂಪೆನಿಗಳದ್ದು ಒಂದೊಂದು ಕಡೆ ಒಂದೊಂದು ಕ್ರಮ. 'ಶುಕ್ರವಾರ ಮಧ್ಯಾಹ್ನ ಆಫೀಸ್ ಯಾರು ನೋಡಿಕೊಳ್ಳುತ್ತಾರೆ?' ಎಂದರೆ ಆ ವಿಷಯವೂ ತಿಳಿಯುತ್ತದೆ, ಟೀಮಿನಲ್ಲಿ ಕೆಲಸ ಹಂಚುವುದು ಹೇಗೆ ಅಂತಲೂ ತಿಳಿಯುತ್ತದೆ.

ಇಷ್ಟಾದ ಮೇಲೆ ಹುಡುಗ ಎರಡೂ ಕಡೆ ಒಂದು ವಿನಂತಿ ಮಾಡಿದ: 'ಟೀಮಿನ ಒಬ್ಬರ ಹತ್ತಿರ ಹತ್ತು ನಿಮಿಷ ಮಾತಾಡಬಹುದಾ ಸರ್?' ದೇರಾದವರು ಅದರ ಅಗತ್ಯ ಇಲ್ಲ ಅಂದರು. ಶಾರ್ಜಾದವರು ಒಬ್ಬ ಮಲಯಾಳಿಯ ನಂಬರ್ ಕೊಟ್ಟರು. ಅವನ ಹತ್ತಿರವೂ ಅದೇ ವ್ಯಾಟ್ ವಾರದ ಪ್ರಶ್ನೆ. 'ಒಂಬತ್ತು, ಕೆಲವು ಸಲ ಒಂಬತ್ತೂವರೆ' ಅಂತ ಉತ್ತರ ಬಂತು, ಮ್ಯಾನೇಜರ್ ಹೇಳಿದ್ದಕ್ಕೆ ತಾಳೆಯಾಯಿತು. ಒಂದೇ ಪ್ರಶ್ನೆಯನ್ನು ಇಬ್ಬರಿಗೆ ಕೇಳುವುದು ಇದಕ್ಕೇ. ಕೊನೆಗೆ ಇವ ಕೇಳಿದ, 'ಸೇರುವ ಮೊದಲು ನಿಮಗೆ ಯಾರಾದರೂ ಏನು ಹೇಳಬೇಕಿತ್ತು?' ಅವ ನಕ್ಕು, 'ಸಾರ್ ಒಳ್ಳೆಯವರು, ಆದರೆ ಬೆಳಿಗ್ಗೆ ಹತ್ತರ ಮೊದಲು ಏನೂ ಕೇಳಲಿಕ್ಕೆ ಹೋಗಬೇಡ, ರೇಗುತ್ತಾರೆ' ಅಂದನಂತೆ. ಇದು ಬದುಕಬಹುದಾದ ಕೊರತೆ. ಕಂಪೆನಿಯವರೇ ಕೊಟ್ಟ ನಂಬರ್ ಆದ್ದರಿಂದ ಪೂರ್ತಿ ನಂಬಲಿಕ್ಕೂ ಆಗುವುದಿಲ್ಲ. ಅಲ್ಲಿ ಹಿಂದೆ ಕೆಲಸ ಮಾಡಿ ಬಿಟ್ಟವರು ನಮ್ಮ ಊರಿನ ಗಲ್ಫ್ ಕಮಿಟಿಗಳ ಮೂಲಕ ಸಿಕ್ಕಿದರೆ ಇನ್ನೂ ಒಳ್ಳೆಯದು.

ಹೋಗಿ ನೋಡುವ, ಆಗದಿದ್ದರೆ ಬಿಡುವ ಅಂತ ಕೆಲವರು ಹೇಳುತ್ತಾರೆ. ಬಿಡುವುದು ಅಷ್ಟು ಸುಲಭ ಅಲ್ಲ. ಯುಎಇಯ ಕಾರ್ಮಿಕ ಕಾನೂನಿನ ಪ್ರಕಾರ ಪ್ರೊಬೇಷನ್ ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಆ ಅವಧಿಯಲ್ಲಿ ಅಲ್ಲೇ ಬೇರೆ ಕಂಪೆನಿಗೆ ಹೋಗುವುದಾದರೆ ಒಂದು ತಿಂಗಳ ನೋಟಿಸ್ ಬರವಣಿಗೆಯಲ್ಲಿ ಕೊಡಬೇಕು, ದೇಶ ಬಿಟ್ಟು ಬರುವುದಾದರೆ 14 ದಿನದ್ದು. ನೋಟಿಸ್ ಕೊಡದೆ ಹೇಳದೆ ಕೇಳದೆ ಬಿಟ್ಟು ಬಂದರೆ ಒಂದು ವರ್ಷ ಅಲ್ಲಿ ವರ್ಕ್ ಪರ್ಮಿಟ್ ಸಿಗದ ಹಾಗೆ ಆಗಬಹುದು. ಊರಿನಲ್ಲಿ ಮಾಡಿದ ಸಾಲ ಬೇರೆ. ಹತ್ತು ನಿಮಿಷದ ಪ್ರಶ್ನೆಯ ಬೆಲೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಪ್ರಶ್ನೆಗೂ ಒಂದು ಮಿತಿ ಉಂಟು. ನಾವು ಅಳೆಯುವುದು ಒಬ್ಬ ಮನುಷ್ಯನನ್ನು, ಆ ಮನುಷ್ಯ ನಾಳೆ ಬದಲಾಗಬಹುದು. ಹುಡುಗ ಐನೂರು ದಿರ್ಹಮ್ ಬಿಟ್ಟು ಶಾರ್ಜಾಕ್ಕೆ ಹೋದ. ಐದನೇ ತಿಂಗಳಲ್ಲಿ ಆ ಮ್ಯಾನೇಜರನ್ನು ಕಂಪೆನಿಯವರು ಬೇರೆ ಬ್ರಾಂಚಿಗೆ ಹಾಕಿದರು. ಹೊಸಬರು ಸ್ವಲ್ಪ ಬಿಗಿ ಮನುಷ್ಯ, ಮಾತು ಕಡಿಮೆ. ಆದರೆ ದೊಡ್ಡ ಬಿಲ್ಲನ್ನು ಇನ್ನೊಬ್ಬ ನೋಡುವ ಕ್ರಮ ಹಾಗೇ ಉಂಟು, 28 ಕಳೆದ ಮೇಲೆ ತಡವಾಗಿ ಬರುವುದೂ ಉಂಟು. ಹೋದ ವಾರ ಅವನ ವಾಯ್ಸ್ ಮೆಸೇಜ್ ಬಂತು. ಅವನ ಜಾಗಕ್ಕೆ ಸಹಾಯಕನಾಗಿ ಒಬ್ಬ ಹೊಸ ಹುಡುಗನನ್ನು ತೆಗೆದುಕೊಳ್ಳುತ್ತಿದ್ದಾರಂತೆ, ಟೀಮಿನ ಕಡೆಯಿಂದ ಮಾತಾಡಲಿಕ್ಕೆ ಈ ಸಲ ಇವನ ನಂಬರ್ ಕೊಟ್ಟಿದ್ದಾರಂತೆ.