ಹೊತ್ತಿಗೆ ಹೊಡೆಯದ ಅಲಾರಂ

ಕೀಲಿ ಕೊಟ್ಟು ಇಡುತ್ತಿದ್ದ ಹಳೆಯ ಅಲಾರಂ ಗಡಿಯಾರದಲ್ಲಿ ಗಂಟೆ ಹೊಡೆಯಲು ಬೇಕಾಗಿದ್ದುದು ಎರಡೇ: ಬಿಗಿಯಾಗಿ ಸುತ್ತಿದ ಸ್ಪ್ರಿಂಗು ಮತ್ತು ಸರಿಯಾದ ಸ್ಥಾನದಲ್ಲಿ ನಿಲ್ಲಿಸಿದ ಅಲಾರಂ ಮುಳ್ಳು. ಗಂಟೆ ಹೊಡೆಯಲಿಲ್ಲವೆಂದರೆ ಈ ಎರಡರಲ್ಲಿ ಯಾವುದು ತಪ್ಪಿದೆಯೆಂದು ನೋಡಿದರೆ ಸಾಕಿತ್ತು. ಮೊಬೈಲ್ ಫೋನಿನ ಅಲಾರಂ ಹಾಗಲ್ಲ. ಅದು ನಮ್ಮ ಕಿವಿಗೆ ಮುಟ್ಟುವ ಮೊದಲು ಹಲವು ಬಾಗಿಲುಗಳನ್ನು ದಾಟಿ ಬರಬೇಕು. ಯಾವ ಬಾಗಿಲು ಮುಚ್ಚಿತ್ತು ಎಂಬುದನ್ನು ತಿಳಿಯದೆ ಎಲ್ಲ ಸೆಟ್ಟಿಂಗುಗಳನ್ನೂ ಒಮ್ಮೆಗೇ ಬದಲಾಯಿಸಿದರೆ ಮರುದಿನ ಮತ್ತದೇ ಗೊಂದಲ. ಆಂಡ್ರಾಯ್ಡ್ ಫೋನುಗಳಲ್ಲಿ ಈ ಬಾಗಿಲುಗಳು ಯಾವುವು, ಮುಚ್ಚಿದ್ದನ್ನು ಗುರುತಿಸುವುದು ಹೇಗೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಅರಸೀಕೆರೆ ತಾಲ್ಲೂಕಿನ ಗಂಡಸಿಯ ಕಡೆ ತೆಂಗಿನ ತೋಟವಿರುವ ಒಬ್ಬ ರೈತರಿದ್ದಾರೆ ಎಂದುಕೊಳ್ಳಿ. ಕೊಳವೆ ಬಾವಿಯ ಪಂಪಿಗೆ ತ್ರೀಫೇಸ್ ವಿದ್ಯುತ್ತಿನ ರಾತ್ರಿ ಪಾಳಿ ಬಂದಿದೆ. ಒಂದು ತಾಕಿಗೆ ನೀರು ಹಾಯುತ್ತಿರುವಂತೆಯೇ ರಾತ್ರಿ 2 ಗಂಟೆಗೆ ಎದ್ದು ಗೇಟ್ ವಾಲ್ವ್ ತಿರುಗಿಸಿ ಇನ್ನೊಂದು ತಾಕಿಗೆ ನೀರು ಬಿಡಬೇಕು. ಅಲಾರಂ ತಪ್ಪಿದರೆ ಒಂದು ಕಡೆ ನೀರು ಹೆಚ್ಚಾಗಿ ಹರಿದು ಹೋಗುತ್ತದೆ; ಇನ್ನೊಂದು ಕಡೆಯ ಮರಗಳು ಮುಂದಿನ ಪಾಳಿಯವರೆಗೂ ಒಣಗುತ್ತವೆ. ಇವರು ಸುಪ್ರಭಾತದ ಹಾಡನ್ನೇ ಅಲಾರಂ ಆಗಿ ನುಡಿಸುವ ಒಂದು ಆ್ಯಪನ್ನು ಇಳಿಸಿಕೊಂಡು ಅದರಲ್ಲಿ 2 ಗಂಟೆಗೆ ಅಲಾರಂ ಇಟ್ಟಿದ್ದಾರೆ.

ಮಲಗಿದ ಫೋನು ಏಳುವುದು ಹೇಗೆ?

ರಾತ್ರಿ ಮೇಜಿನ ಮೇಲಿಟ್ಟ ಫೋನಿನ ಮುಖ್ಯ ಸಂಸ್ಕಾರಕ ಹೆಚ್ಚಿನ ಹೊತ್ತು ನಿದ್ರಾವಸ್ಥೆಯಲ್ಲಿರುತ್ತದೆ. ಎಚ್ಚರವಾಗಿರುವುದು ಒಂದು ಸಣ್ಣ ಗಡಿಯಾರ ಮಂಡಲ ಮಾತ್ರ. ಅದರಲ್ಲಿ ಸೆಕೆಂಡಿಗೆ 32,768 ಬಾರಿ ಕಂಪಿಸುವ ಕ್ವಾರ್ಟ್ಸ್ ಹರಳು ಇರುತ್ತದೆ. ಈ ಸಂಖ್ಯೆ ಎರಡರ ಹದಿನೈದನೆಯ ಘಾತ. ಹದಿನೈದು ಬಾರಿ ಎರಡರಿಂದ ಭಾಗಿಸಿದರೆ ಸೆಕೆಂಡಿಗೆ ಒಂದೇ ಮಿಡಿತ ಉಳಿಯುತ್ತದೆ. ಅಲಾರಂ ಇಟ್ಟಾಗ ಆ್ಯಪ್ ತನ್ನ ಕೋರಿಕೆಯನ್ನು ಆಂಡ್ರಾಯ್ಡ್ ವ್ಯವಸ್ಥೆಗೆ ಒಪ್ಪಿಸುತ್ತದೆ. ಮುಂದೆ ಏಳಬೇಕಾದ ಹೊತ್ತನ್ನು ವ್ಯವಸ್ಥೆಯು ಗಡಿಯಾರ ಮಂಡಲಕ್ಕೆ ತಿಳಿಸಿ ಮಲಗುತ್ತದೆ. ಆ ಹೊತ್ತು ಬಂದಾಗ ಮಂಡಲವು ಸಂಸ್ಕಾರಕವನ್ನು ಎಬ್ಬಿಸುತ್ತದೆ.

ಹರಳಿನ ನಡೆಯಲ್ಲಿ ಹತ್ತು ಲಕ್ಷಕ್ಕೆ 20 ಭಾಗದಷ್ಟು ದೋಷವಿದೆಯೆಂದೇ ಇಟ್ಟುಕೊಂಡರೂ ದಿನಕ್ಕೆ ವ್ಯತ್ಯಾಸವಾಗುವುದು ಎರಡು ಸೆಕೆಂಡಿಗಿಂತ ಕಡಿಮೆ. ಆದ್ದರಿಂದ ಅಲಾರಂ ಒಂದು ಗಂಟೆ ತಡವಾಗಿ ಹೊಡೆದರೆ ಗಡಿಯಾರವನ್ನು ದೂರುವಂತಿಲ್ಲ. ಕೋರಿಕೆಯನ್ನು ಯಾರೋ ತಡೆದು ನಿಲ್ಲಿಸಿದ್ದಾರೆ ಎಂದೇ ಅರ್ಥ.

ಮೂರು ಗುರುತುಗಳು

ಬೆಳಿಗ್ಗೆ ಎದ್ದ ಕೂಡಲೇ ಫೋನಿನ ಪರದೆಯನ್ನು ಗಮನಿಸಬೇಕು. ಅಲ್ಲಿ ಕಾಣುವುದು ಮೂರರಲ್ಲಿ ಒಂದು. ಅಲಾರಂ ಬಂದ ಕುರುಹೇ ಇಲ್ಲದಿದ್ದರೆ ಕೋರಿಕೆ ವ್ಯವಸ್ಥೆಯಲ್ಲಿ ಇರಲೇ ಇಲ್ಲ. ಫೋನನ್ನು ಕೈಗೆತ್ತಿಕೊಂಡ ಕ್ಷಣದಲ್ಲೇ ಅಲಾರಂ ಹೊಡೆಯತೊಡಗಿದರೆ ಬ್ಯಾಟರಿ ಉಳಿತಾಯದ ನಿಯಮ ಅದನ್ನು ತಡೆದಿತ್ತು. ಸರಿಯಾದ ಹೊತ್ತಿಗೆ ಅಲಾರಂ ಬಂದು ಹೋಯಿತೆಂಬ ಸೂಚನೆ ಪರದೆಯ ಮೇಲಿದ್ದು ಸದ್ದು ಮಾತ್ರ ಕೇಳದಿದ್ದರೆ ತಪ್ಪಿರುವುದು ಧ್ವನಿಯ ಕಡೆ.

ಮೊದಲನೆಯ ಗುರುತು ಕಂಡಾಗ ನೋಡಬೇಕಾದದ್ದು ವಾರ ಮತ್ತು ವೇಳೆ. ಭಾನುವಾರ ರಾತ್ರಿ ಮಲಗಿ 2 ಗಂಟೆಗೆ ಏಳುವವರು ವಾರದ ಪಟ್ಟಿಯಲ್ಲಿ ಭಾನುವಾರವನ್ನು ಆರಿಸುವುದುಂಟು. ಆದರೆ ನಡುರಾತ್ರಿ ಕಳೆದ ಮೇಲೆ ಫೋನಿನ ಲೆಕ್ಕದಲ್ಲಿ ಅದು ಸೋಮವಾರ. AM ಎನ್ನುವ ಕಡೆ PM ಇದ್ದರೂ ಇದೇ ಫಲ. ಇವೆರಡೂ ಸರಿಯಾಗಿದ್ದರೆ, ಆ್ಯಪಿನ ಪುಟದಲ್ಲಿರುವ Force stop ಅನ್ನು ಯಾರಾದರೂ ಒತ್ತಿದ್ದರೇ ಎಂದು ವಿಚಾರಿಸಬೇಕು. ಅದನ್ನು ಒತ್ತಿದರೆ ಆ ಆ್ಯಪಿನ ಎಲ್ಲ ಅಲಾರಂ ಕೋರಿಕೆಗಳೂ ಅಳಿಸಿಹೋಗುತ್ತವೆ; ಆ್ಯಪನ್ನು ಮತ್ತೆ ತೆರೆಯುವವರೆಗೆ ಅವು ಹಿಂದಿರುಗುವುದಿಲ್ಲ. ಇತ್ತೀಚೆಗೆ ಬಳಸಿದ ಆ್ಯಪುಗಳ ಪಟ್ಟಿಯಿಂದ ಒಂದನ್ನು ಸರಿಸಿ ತೆಗೆದರೆ ಸಾಮಾನ್ಯವಾಗಿ ಅಲಾರಂ ಅಳಿಯುವುದಿಲ್ಲ. ಆದರೆ ಕೆಲವು ತಯಾರಕರ ಫೋನುಗಳು ಹಾಗೆ ಸರಿಸುವುದನ್ನೂ ಬಲವಂತದ ನಿಲುಗಡೆಯಂತೆಯೇ ಪರಿಗಣಿಸುತ್ತವೆ.

ತಡವಾಗಿ ಹೊಡೆದ ಅಲಾರಂ

ನಮ್ಮ ರೈತರು ಕಂಡದ್ದು ಎರಡನೆಯ ಗುರುತು. ಐದೂವರೆಗೆ ಎದ್ದು ಫೋನು ಕೈಗೆತ್ತಿಕೊಂಡರು. ಅದೇ ಕ್ಷಣ ಸುಪ್ರಭಾತ ಆರಂಭವಾಯಿತು. ಮರುದಿನ ಚಾರ್ಜಿಗೆ ಹಾಕಿ ಮಲಗಿದಾಗ ಸರಿಯಾಗಿ 2 ಗಂಟೆಗೇ ಹೊಡೆಯಿತು. ಅದರ ಮರುದಿನ ಚಾರ್ಜಿಗೆ ಹಾಕದೆ ಮಲಗಿದರು, ಮತ್ತೆ ತಡ. ಚಾರ್ಜಿಗೂ ಅಲಾರಮ್ಮಿಗೂ ಏನು ಸಂಬಂಧ?

2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಫೋನುಗಳಲ್ಲಿ ಡೋಝ್, ಅಂದರೆ ತೂಕಡಿಕೆ ಎಂಬ ವ್ಯವಸ್ಥೆ ಇದೆ. ಪರದೆ ಆರಿರಬೇಕು, ಚಾರ್ಜರ್ ತೆಗೆದಿರಬೇಕು, ಫೋನು ಅಲುಗಾಡದೆ ಸ್ವಲ್ಪ ಕಾಲ ಬಿದ್ದಿರಬೇಕು. ಈ ಮೂರೂ ಕೂಡಿದರೆ ವ್ಯವಸ್ಥೆಯು ಆ್ಯಪುಗಳ ಕೆಲಸಗಳನ್ನು ತಡೆದು, ಆಗೊಮ್ಮೆ ಈಗೊಮ್ಮೆ ಅಲ್ಪ ಕಾಲ ಮಾತ್ರ ಅವಕಾಶ ಕೊಡುತ್ತದೆ. ಹೊತ್ತು ಹೋದಂತೆ ಈ ಅವಕಾಶಗಳ ನಡುವಿನ ಅಂತರ ಹೆಚ್ಚುತ್ತದೆ. ಸಾಧಾರಣ ರೀತಿಯಲ್ಲಿ ಸಲ್ಲಿಸಿದ ಅಲಾರಂ ಕೋರಿಕೆಗಳು ಮುಂದಿನ ಅವಕಾಶದವರೆಗೆ ಕಾಯಬೇಕು. ಫೋನನ್ನು ಎತ್ತಿದರೆ ಇಲ್ಲವೇ ಚಾರ್ಜಿಗೆ ಹಾಕಿದರೆ ತೂಕಡಿಕೆ ಮುಗಿಯುತ್ತದೆ. ಕಾಯುತ್ತಿದ್ದ ಅಲಾರಂ ಆಗ ಹೊಡೆಯುತ್ತದೆ. ರೈತರಿಗೆ ಕಂಡ ಒಗಟಿಗೆ ಉತ್ತರ ಇದೇ.

ಹಾಗಾದರೆ ಫೋನಿನಲ್ಲೇ ಬಂದಿರುವ Clock ಆ್ಯಪ್ ಏಕೆ ತಡವಾಗುವುದಿಲ್ಲ? ಏಕೆಂದರೆ ಕೋರಿಕೆಗಳಲ್ಲಿ ಬೇರೆ ಬೇರೆ ವರ್ಗಗಳಿವೆ. ಮನುಷ್ಯರನ್ನು ಎಬ್ಬಿಸುವ ಗಡಿಯಾರದ ಅಲಾರಂ ಎಂದೇ ಗುರುತಿಸಿ ಸಲ್ಲಿಸಿದ ಕೋರಿಕೆಗೆ ಡೋಝ್ ದಾರಿ ಬಿಡುತ್ತದೆ. ಆ ಹೊತ್ತು ಹತ್ತಿರವಾದಾಗ ವ್ಯವಸ್ಥೆಯು ತಾನೇ ತೂಕಡಿಕೆಯಿಂದ ಹೊರಬರುತ್ತದೆ. ಆ್ಯಪ್ ಬರೆದವರು ಈ ವರ್ಗವನ್ನು ಬಳಸದೆ ಸಾಧಾರಣ ವರ್ಗವನ್ನು ಬಳಸಿದ್ದರೆ ತಡವಾಗುವುದು ಸಹಜ. ನಾವು ಆ್ಯಪಿನ ಒಳಗನ್ನು ನೋಡಲಾರೆವು. ಆದರೆ ಹೊರಗೊಂದು ಸುಳಿವಿದೆ. ಗಡಿಯಾರದ ವರ್ಗಕ್ಕೆ ಸೇರಿದ ಅಲಾರಂ ಇಟ್ಟ ಕೂಡಲೇ ಬಹುತೇಕ ಫೋನುಗಳಲ್ಲಿ ಪರದೆಯ ಮೇಲಂಚಿನಲ್ಲಿ ಪುಟ್ಟ ಅಲಾರಂ ಗಡಿಯಾರದ ಚಿತ್ರ ಮೂಡುತ್ತದೆ. ಬೇರೆಲ್ಲ ಅಲಾರಂಗಳನ್ನು ತೆಗೆದು, ಸಂದೇಹವಿರುವ ಆ್ಯಪಿನಲ್ಲಿ ಮಾತ್ರ ಒಂದನ್ನು ಇಟ್ಟು ನೋಡಿ. ಚಿತ್ರ ಮೂಡದಿದ್ದರೆ ಆ ಆ್ಯಪನ್ನು ನಂಬಿ ಮಲಗಬೇಡಿ.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ, ಬ್ಯಾಟರಿ ಮಿತಿಯನ್ನು ತೆಗೆದುಹಾಕಿ ಎಂಬುದು. Settings, Apps, ಆ ಆ್ಯಪಿನ ಹೆಸರು, Battery ಎಂದು ಹೋದರೆ Restricted, Optimized, Unrestricted ಎಂಬ ಆಯ್ಕೆಗಳು ಕಾಣುತ್ತವೆ. ಫೋನಿನಿಂದ ಫೋನಿಗೆ ಹೆಸರುಗಳು ಸ್ವಲ್ಪ ಬದಲಾಗಬಹುದು. Restricted ಇದ್ದರೆ ಅದನ್ನು ಬದಲಿಸಲೇಬೇಕು. Unrestricted ಎಂದು ಇಟ್ಟರೆ ಹಿನ್ನೆಲೆಯಲ್ಲಿರುವ ಆ್ಯಪನ್ನು ತಯಾರಕರ ಉಳಿತಾಯ ವ್ಯವಸ್ಥೆ ಮುಚ್ಚಿಬಿಡುವ ಸಂಭವ ಕಡಿಮೆಯಾಗುತ್ತದೆ. ಆದರೆ ಇದಕ್ಕೊಂದು ಮಿತಿ ಇದೆ. ಈ ವಿನಾಯಿತಿಯಿಂದ ಸಾಧಾರಣ ವರ್ಗದ ಅಲಾರಂ ಗಡಿಯಾರದ ವರ್ಗಕ್ಕೆ ಏರುವುದಿಲ್ಲ; ಡೋಝ್ ಅದನ್ನು ಆಗಲೂ ತಡೆಯುತ್ತದೆ. ರೈತರು Unrestricted ಮಾಡಿದ ಮೇಲೂ ಅಲಾರಂ ತಡವಾದರೆ ಆಶ್ಚರ್ಯವಿಲ್ಲ. ಅಲ್ಲಿ ಉಳಿಯುವ ಪರಿಹಾರ ಆ್ಯಪನ್ನೇ ಬದಲಿಸುವುದು.

ಬಂದರೂ ಕೇಳಿಸದ ಅಲಾರಂ

ಮೂರನೆಯ ಗುರುತು ಕಂಡಾಗ ಬಹಳ ಮಂದಿ ಮೊದಲು ದೂರುವುದು ಸೈಲೆಂಟ್ ಸ್ಥಿತಿಯನ್ನು. ವಾಸ್ತವವಾಗಿ ಸೈಲೆಂಟ್ ಸ್ಥಿತಿಯು ಕರೆಯ ಗಂಟೆಯನ್ನೂ ಸಂದೇಶಗಳ ಸದ್ದನ್ನೂ ನಿಲ್ಲಿಸುತ್ತದೆಯೇ ಹೊರತು ಅಲಾರಮ್ಮನ್ನಲ್ಲ. ಫೋನಿನಲ್ಲಿ ಧ್ವನಿಯು ಒಂದೇ ನಲ್ಲಿಯಿಂದ ಬರುವುದಿಲ್ಲ. ಹಾಡು ಮತ್ತು ವಿಡಿಯೊಗಳಿಗೆ ಒಂದು ವಾಹಿನಿ, ಕರೆಯ ಗಂಟೆಗೆ ಒಂದು, ಅಲಾರಮ್ಮಿಗೆ ಒಂದು, ಹೀಗೆ ಪ್ರತ್ಯೇಕ ವಾಹಿನಿಗಳಿದ್ದು ಒಂದೊಂದಕ್ಕೂ ಅದರದೇ ವಾಲ್ಯೂಮ್ ಇದೆ. 2018ರ ಆಂಡ್ರಾಯ್ಡ್ 9ರಿಂದೀಚೆಗೆ ಪಕ್ಕದ ಗುಂಡಿಯನ್ನು ಸುಮ್ಮನೆ ಒತ್ತಿದರೆ ಸಾಮಾನ್ಯವಾಗಿ ಬದಲಾಗುವುದು ಹಾಡಿನ ವಾಹಿನಿ. ಮಲಗುವ ಮುನ್ನ ಆ ಗುಂಡಿಯನ್ನು ಎಷ್ಟು ಒತ್ತಿದರೂ ಅಲಾರಂ ಜೋರಾಗುವುದಿಲ್ಲ. ಅದಕ್ಕೆ Settings ಒಳಗಿನ Sound ಪುಟದಲ್ಲಿ Alarm volume ಎಂಬ ಪಟ್ಟಿಯನ್ನೇ ಸರಿಸಬೇಕು.

ಸೈಲೆಂಟ್‌ಗಿಂತ ಬೇರೆಯಾದದ್ದು Do Not Disturb. ಇದು ಸಾಮಾನ್ಯವಾಗಿ ಅಲಾರಮ್ಮಿಗೆ ಅವಕಾಶ ಕೊಟ್ಟಿರುತ್ತದೆ. ಆದರೆ ಅದರೊಳಗೆ Alarms ಎಂಬ ಪ್ರತ್ಯೇಕ ಸ್ವಿಚ್ಚಿದ್ದು, ಯಾರಾದರೂ ಅದನ್ನು ಆರಿಸಿದ್ದರೆ ಅಲಾರಂ ಬಾಯಿ ಮುಚ್ಚಿಕೊಂಡೇ ಬಂದು ಹೋಗುತ್ತದೆ. ಹೊಸ ಫೋನುಗಳಲ್ಲಿ ಇದು Modes ಎಂಬ ಪುಟದೊಳಗೆ ಇರಬಹುದು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಎಂಬಂತೆ ವೇಳಾಪಟ್ಟಿ ಇಟ್ಟಿದ್ದರೆ ಹಗಲಿನಲ್ಲಿ ಪರೀಕ್ಷಿಸಿದಾಗ ದೋಷ ಕಾಣುವುದೇ ಇಲ್ಲ.

ಸುಪ್ರಭಾತದ ಆ್ಯಪಿನಲ್ಲಿ ಇನ್ನೊಂದು ತೊಡಕಿದೆ. ಕೆಲವು ಆ್ಯಪುಗಳು ಅಲಾರಮ್ಮನ್ನು ಅಲಾರಂ ವಾಹಿನಿಗೆ ಬಿಡದೆ ಹಾಡಿನ ವಾಹಿನಿಗೇ ಬಿಡುತ್ತವೆ. ಮನೆಯವರಿಗೆ ನಿದ್ದೆ ಕೆಡದಿರಲೆಂದು ವಿಡಿಯೊ ನೋಡುವಾಗ ಸದ್ದನ್ನು ಪೂರ್ತಿ ಇಳಿಸಿ ಮಲಗಿದರೆ ಅಲಾರಮ್ಮಿನ ಹಾಡೂ ಮೂಕವಾಗುತ್ತದೆ. ಹಾಡಿನ ವಾಲ್ಯೂಮನ್ನು ಸೊನ್ನೆಗೆ ಇಳಿಸಿ, ಎರಡು ನಿಮಿಷ ಮುಂದಕ್ಕೆ ಅಲಾರಂ ಇಟ್ಟು ನೋಡಿದರೆ ಇದು ತಿಳಿದುಹೋಗುತ್ತದೆ. ಆಗಲೂ ಸದ್ದು ಬಂದರೆ ವಾಹಿನಿ ಸರಿಯಾಗಿದೆ.

ಸರಿಯಾದ ಪರೀಕ್ಷೆ

ಎರಡು ನಿಮಿಷದ ಪರೀಕ್ಷೆ ಧ್ವನಿಗೆ ಮಾತ್ರ ಸಾಕು. ಹೊತ್ತಿನ ವಿಷಯದಲ್ಲಿ ಅದು ಏನನ್ನೂ ಹೇಳದು. ಅಷ್ಟರಲ್ಲಿ ಫೋನು ತೂಕಡಿಸಲು ತೊಡಗಿರುವುದೇ ಇಲ್ಲ. ಅಂಗಡಿಯಲ್ಲಿ ತೋರಿಸಿದಾಗ ಸರಿಯಾಗಿ ಹೊಡೆದ ಅಲಾರಂ ಮನೆಯಲ್ಲಿ ಕೈಕೊಡುವುದು ಈ ಕಾರಣದಿಂದಲೇ. ಹೊತ್ತನ್ನು ಪರೀಕ್ಷಿಸಬೇಕಾದರೆ ಹಗಲಿನಲ್ಲಿ ಬಿಡುವಿರುವಾಗ ಮೂರು ಗಂಟೆ ಮುಂದಕ್ಕೆ ಅಲಾರಂ ಇಟ್ಟು, ಚಾರ್ಜರ್ ತೆಗೆದು, ಪರದೆ ಆರಿಸಿ, ಯಾರೂ ಮುಟ್ಟದ ಕಡೆ ಇಡಬೇಕು. ಫೋನಿನ Clock ಆ್ಯಪಿನಲ್ಲಿ ಎರಡು ಅಲಾರಂ ಇಡಬಹುದಲ್ಲ ಎಂದು ಅದನ್ನೂ ಜೊತೆಗೆ ಇಡಬಾರದು. ಅದು ಫೋನನ್ನು ಎಬ್ಬಿಸಿದರೆ ತಡೆದಿದ್ದ ಇನ್ನೊಂದು ಅಲಾರಮ್ಮೂ ಅದರೊಡನೆ ಎದ್ದುಬಿಡಬಹುದು, ಪರೀಕ್ಷೆ ಕೆಡುತ್ತದೆ. ಒಂದು ಸಲಕ್ಕೆ ಒಂದೇ ಆ್ಯಪ್, ಒಂದೇ ಬದಲಾವಣೆ.

ನಮ್ಮ ರೈತರಿಗೆ ಕೊನೆಗೆ ಉಳಿಯುವ ಕೆಲಸ ಚಿಕ್ಕದು. 2 ಗಂಟೆಯ ಅಲಾರಮ್ಮನ್ನು ಫೋನಿನ Clock ಆ್ಯಪಿಗೆ ವರ್ಗಾಯಿಸಿ, ವಾರವನ್ನು ನಡುರಾತ್ರಿಯ ಲೆಕ್ಕದಲ್ಲಿ ಸರಿಪಡಿಸಿ, Alarm volume ಪಟ್ಟಿಯನ್ನು ಮೇಲಕ್ಕೆ ಸರಿಸಿ, Do Not Disturb ಒಳಗೆ Alarms ಸ್ವಿಚ್ಚು ಹಾಕಿದೆಯೇ ಎಂದು ನೋಡುವುದು. ಸುಪ್ರಭಾತವೇ ಬೇಕೆಂದರೆ ಹಲವು Clock ಆ್ಯಪುಗಳಲ್ಲಿ ಫೋನಿನಲ್ಲಿರುವ ಹಾಡನ್ನೇ ಅಲಾರಂ ಸ್ವರವಾಗಿ ಆರಿಸಿಕೊಳ್ಳಲು ಅವಕಾಶವಿದೆ. ಮಲಗುವಾಗ ಪರದೆಯ ಮೇಲಂಚಿನಲ್ಲಿ ಆ ಪುಟ್ಟ ಗಡಿಯಾರದ ಚಿತ್ರ ಇದೆಯೇ ಎಂದು ಒಮ್ಮೆ ನೋಡಿಕೊಂಡರೆ ಆಯಿತು.